ಐದು ಸಾವಿರ ಕಟ್ಟಿದರೆ ಸಾವಿರವಷ್ಟೇ ಕರಗುವ ಸಾಲ

ಕ್ರೆಡಿಟ್ ಕಾರ್ಡಿನ ಪ್ರತಿ ತಿಂಗಳ ಬಿಲ್ಲಿನಲ್ಲೂ ಎರಡು ಮೊತ್ತಗಳು ಅಕ್ಕಪಕ್ಕದಲ್ಲಿ ಕೂತಿರುತ್ತವೆ. ಒಂದು ಒಟ್ಟು ಬಾಕಿ. ಇನ್ನೊಂದು ‘ಮಿನಿಮಮ್ ಅಮೌಂಟ್ ಡ್ಯೂ’, ಅಂದರೆ ಕನಿಷ್ಠ ಪಾವತಿ. ಒಟ್ಟು ಬಾಕಿ ಒಂದು ಲಕ್ಷ ರೂಪಾಯಿ ಇದ್ದರೆ ಹಲವು ಕಾರ್ಡುಗಳಲ್ಲಿ ಕನಿಷ್ಠ ಪಾವತಿ ಐದು ಸಾವಿರದ ಆಸುಪಾಸಿನಲ್ಲಿರುತ್ತದೆ. ಕೈ ಬಿಗಿಯಾಗಿರುವ ತಿಂಗಳಲ್ಲಿ ಯಾರ ಕಣ್ಣಾದರೂ ಮೊದಲು ಹೋಗುವುದು ಈ ಎರಡನೆಯ ಮೊತ್ತದ ಕಡೆಗೇ. ಅಷ್ಟು ಕಟ್ಟಿದರೆ ತಡ ಮಾಡಿದ್ದಕ್ಕೆ ಶುಲ್ಕ ಬೀಳುವುದಿಲ್ಲ, ವಸೂಲಿಯವರ ಫೋನು ಬರುವುದಿಲ್ಲ, ಕಾರ್ಡು ಎಂದಿನಂತೆ ನಡೆಯುತ್ತದೆ. ಆ ತಿಂಗಳ ಜವಾಬ್ದಾರಿ ಮುಗಿಯಿತು ಅನ್ನಿಸುತ್ತದೆ.

ಆದರೆ ಪ್ರತಿ ತಿಂಗಳೂ ಅಷ್ಟನ್ನೇ ಕಟ್ಟುತ್ತಾ ಹೋದರೆ ಆ ಒಂದು ಲಕ್ಷ ತೀರುವುದು ಯಾವಾಗ? ಕಾರ್ಡನ್ನು ಇನ್ನು ಒಂದು ರೂಪಾಯಿಗೂ ಉಜ್ಜುವುದಿಲ್ಲ, ಒಂದು ಕಂತೂ ತಪ್ಪಿಸುವುದಿಲ್ಲ ಎಂದಿಟ್ಟುಕೊಂಡೇ ಲೆಕ್ಕ ಹಾಕಿದರೂ ಉತ್ತರ ಸುಮಾರು 28 ವರ್ಷ. ಅಷ್ಟರಲ್ಲಿ ಕಟ್ಟಿರುವ ಒಟ್ಟು ಹಣ ನಾಲ್ಕೂವರೆ ಲಕ್ಷ ದಾಟಿರುತ್ತದೆ. ಇದಕ್ಕೆ ಬಡ್ಡಿಯ ದರವೊಂದೇ ಕಾರಣವಲ್ಲ. ಅದೇ ದರದಲ್ಲಿ, ಅದೇ ಐದು ಸಾವಿರದಿಂದ ಆರಂಭಿಸಿ, ಒಂದು ಸಣ್ಣ ಬದಲಾವಣೆ ಮಾಡಿಕೊಂಡವರ ಸಾಲ ಮೂರೇಕಾಲು ವರ್ಷದಲ್ಲಿ ತೀರುತ್ತದೆ. ಆ ಬದಲಾವಣೆ ಯಾವುದು, ಅದಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಲೆಕ್ಕದ ಸಮೇತ ತಿಳಿದುಕೊಳ್ಳಲೇಬೇಕು.

ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ?

ನಮ್ಮಲ್ಲಿ ಕೈಸಾಲದ ಮಾತು ಬಂದಾಗ ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎನ್ನುವುದು ರೂಢಿ. ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ಎಂಬ ಲೆಕ್ಕ ಅದು. ಅದೇ ಅಳತೆಯಲ್ಲಿ ಹೇಳುವುದಾದರೆ ನಮ್ಮ ದೇಶದ ಬಹಳಷ್ಟು ಕ್ರೆಡಿಟ್ ಕಾರ್ಡುಗಳದ್ದು ಮೂರೂವರೆ ರೂಪಾಯಿ ಬಡ್ಡಿ. ಕೆಲವು ಕಾರ್ಡುಗಳಲ್ಲಿ ಅದು ಮೂರೂಮುಕ್ಕಾಲು. ಮೂರೂವರೆಯೆಂದರೆ ವರ್ಷಕ್ಕೆ ಶೇ 42. ಮನೆ ಸಾಲ, ಚಿನ್ನದ ಸಾಲ, ಸಂಬಳದ ಮೇಲೆ ಬ್ಯಾಂಕು ಕೊಡುವ ವೈಯಕ್ತಿಕ ಸಾಲ, ಇವು ಯಾವುವೂ ಸಾಮಾನ್ಯವಾಗಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ಪದರವಿದೆ. ಬ್ಯಾಂಕಿನ ಬೇರೆ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಸಿಗುವುದಿಲ್ಲ, ಶೇ 18 ತೆರಿಗೆ ಬೀಳುತ್ತದೆ. ಹೀಗೆ ನೂರು ರೂಪಾಯಿ ಬಾಕಿಗೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ 63 ಪೈಸೆ ತೆರಿಗೆ, ಒಟ್ಟು ₹4.13 ಆಗುತ್ತದೆ. ಬಿಲ್ಲಿನಲ್ಲಿ ‘ಫೈನಾನ್ಸ್ ಚಾರ್ಜಸ್’ ಎಂಬ ಸಾಲು, ಅದರ ಕೆಳಗೆ ಜಿಎಸ್‌ಟಿಯ ಸಾಲು ಕಂಡರೆ ಈ ಎರಡು ಪದರಗಳೂ ನಿಮ್ಮ ಮೇಲೆ ಬಿದ್ದಿವೆ ಎಂದೇ ಅರ್ಥ.

ಈ ದರಕ್ಕೆ ಮಿತಿ ಇರಬೇಕೆಂಬ ವಾದ ನ್ಯಾಯಾಲಯದವರೆಗೂ ಹೋಗಿತ್ತು. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ವಸೂಲಿ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನ ಮೊರೆ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆಯೋಗದ ಆ ತೀರ್ಪನ್ನು ರದ್ದು ಮಾಡಿತು. ಹಾಗಾಗಿ ಆ ಶೇ 30ರ ಗೆರೆ ಈಗ ಉಳಿದಿಲ್ಲ. ದರ ಇಳಿಯುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ. ಗ್ರಾಹಕರ ಕೈಯಲ್ಲಿ ಇರುವುದು ಎಷ್ಟು ಕಟ್ಟುತ್ತೇವೆ ಎಂಬ ತೀರ್ಮಾನ ಮಾತ್ರ.

ಮೊದಲ ತಿಂಗಳಲ್ಲೇ ಕೈತಪ್ಪುವುದು

ಕಾರ್ಡು ಕೊಡುವಾಗ ‘50 ದಿನದವರೆಗೆ ಬಡ್ಡಿಯಿಲ್ಲ’ ಎಂಬ ಮಾತು ಕೇಳಿಯೇ ಇರುತ್ತೇವೆ. ಅದು ಸುಳ್ಳಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಬಿಲ್ಲಿನ ಪೂರ್ತಿ ಮೊತ್ತವನ್ನು ಕೊನೆಯ ದಿನಾಂಕದೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ. ಸ್ವಲ್ಪ ಉಳಿಸಿಕೊಂಡರೂ ಆ ಸೌಲಭ್ಯ ಹೋಗುತ್ತದೆ. ಬಡ್ಡಿಯ ಲೆಕ್ಕ ಶುರುವಾಗುವುದು ಕೊನೆಯ ದಿನಾಂಕದಿಂದಲ್ಲ, ಅಂಗಡಿಯಲ್ಲಿ ಕಾರ್ಡು ಉಜ್ಜಿದ ದಿನದಿಂದ.

ಮೈಸೂರಿನಲ್ಲಿ ಕೆಲಸ ಮಾಡುವ ಒಬ್ಬ ಯುವತಿ ಜೂನ್ 5ರಂದು ₹40,000 ಕೊಟ್ಟು ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ಕೊಂಡಳು ಎಂದುಕೊಳ್ಳೋಣ. ಜೂನ್ 30ಕ್ಕೆ ಬಿಲ್ ಬಂತು. ಕಟ್ಟಲು ಕೊನೆಯ ದಿನ ಜುಲೈ 20. ಕನಿಷ್ಠ ಪಾವತಿ ಶೇ 5, ಅಂದರೆ ₹2,000. ಅವಳು ಕೊನೆಯ ದಿನದಂದು ₹2,000 ಕಟ್ಟಿ, ಮುಂದಿನ ತಿಂಗಳ ಬಿಲ್ ₹38,000ಕ್ಕೆ ಇಳಿದಿರುತ್ತದೆ ಎಂದು ಲೆಕ್ಕ ಹಾಕಿರುತ್ತಾಳೆ.

ಜುಲೈ 31ರ ಬಿಲ್ಲಿನಲ್ಲಿ ಬರುವುದೇ ಬೇರೆ. ಉಳಿದ ₹38,000ಕ್ಕೆ ಜೂನ್ 5ರಿಂದ ಜುಲೈ 31ರವರೆಗೆ 56 ದಿನಗಳ ಬಡ್ಡಿ ಹಾಕಿದರೆ ₹2,449. ಅದರ ಮೇಲೆ ಜಿಎಸ್‌ಟಿ ₹441. ಹೊಸ ಬಿಲ್ ಸುಮಾರು ₹40,889. ಎರಡು ಸಾವಿರ ಕಟ್ಟಿದ ಮೇಲೂ ಬಾಕಿ ಮೊದಲಿಗಿಂತ ಸುಮಾರು ₹890 ಹೆಚ್ಚಾಗಿದೆ. ಬಿಲ್ ತಪ್ಪಾಗಿದೆಯೆಂದು ಗ್ರಾಹಕ ಸೇವೆಗೆ ಫೋನು ಮಾಡುವವರಲ್ಲಿ ಹಲವರ ಗೊಂದಲ ಇದೇ. ಬಿಲ್ ಸರಿಯಾಗಿಯೇ ಇರುತ್ತದೆ. ತಾವು ಬಿಟ್ಟುಕೊಟ್ಟದ್ದು ಕೊನೆಯ ದಿನಾಂಕದಾಚೆಯ ಬಡ್ಡಿಯನ್ನಷ್ಟೇ ಅಲ್ಲ, ಹಿಂದಿನ ಬಡ್ಡಿರಹಿತ ದಿನಗಳನ್ನೂ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಇದರ ಇನ್ನೊಂದು ಪರಿಣಾಮ ಮುಂದಿನ ತಿಂಗಳ ಖರೀದಿಗಳ ಮೇಲೆ ಬೀಳುತ್ತದೆ. ಹಳೆಯ ಬಾಕಿ ಇರುವವರೆಗೆ ಹೊಸದಾಗಿ ಉಜ್ಜಿದ ಪ್ರತಿ ರೂಪಾಯಿಗೂ ಉಜ್ಜಿದ ದಿನದಿಂದಲೇ ಬಡ್ಡಿ. ತಿಂಗಳ ದಿನಸಿ, ಪೆಟ್ರೋಲು, ಮೊಬೈಲ್ ರೀಚಾರ್ಜ್ ಎಲ್ಲವೂ ಮೂರೂವರೆ ರೂಪಾಯಿ ಬಡ್ಡಿಯ ಸಾಲಕ್ಕೆ ಸೇರುತ್ತವೆ.

ಒಂದು ಲಕ್ಷದ ದಾರಿ

ಈಗ ಒಂದು ಲಕ್ಷದ ಲೆಕ್ಕಕ್ಕೆ ಬರೋಣ. ಯಾರದೋ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂತು, ಬಿಲ್ ಒಂದು ಲಕ್ಷಕ್ಕೆ ಬಂದು ನಿಂತಿತು, ಅಲ್ಲಿಂದ ಮುಂದೆ ಕಾರ್ಡು ಬಳಸಲೇ ಇಲ್ಲ ಎಂದುಕೊಳ್ಳೋಣ. ಬಡ್ಡಿ ತಿಂಗಳಿಗೆ ಶೇ 3.5, ತೆರಿಗೆ ಶೇ 18, ಕನಿಷ್ಠ ಪಾವತಿ ಬಿಲ್ಲಿನ ಶೇ 5 ಅಥವಾ ₹200, ಯಾವುದು ಹೆಚ್ಚೋ ಅದು. ಲೆಕ್ಕ ಸುಲಭವಾಗಲೆಂದು ಬಿಲ್ ಬಂದ ದಿನವೇ ಹಣ ಕಟ್ಟಿದರೆಂದು ಹಿಡಿದಿದ್ದೇನೆ. ಕೊನೆಯ ದಿನದವರೆಗೆ ಕಾದು ಕಟ್ಟುವವರಿಗೆ ಸಾಲ ಇದಕ್ಕಿಂತಲೂ ನಿಧಾನವಾಗಿ ಇಳಿಯಬಹುದು.

ಮೊದಲ ತಿಂಗಳು ₹5,000 ಕಟ್ಟಿದರು. ಉಳಿದದ್ದು ₹95,000. ಅದಕ್ಕೆ ಒಂದು ತಿಂಗಳ ಬಡ್ಡಿ ₹3,325, ತೆರಿಗೆ ₹598. ಮುಂದಿನ ಬಿಲ್ ₹98,923. ಜೇಬಿನಿಂದ ಹೋದದ್ದು ಐದು ಸಾವಿರ, ಸಾಲದಿಂದ ಕಡಿಮೆಯಾದದ್ದು ₹1,077. ಉಳಿದ ಸುಮಾರು ₹3,923 ಬಡ್ಡಿಗೂ ತೆರಿಗೆಗೂ ಹೋಯಿತು.

ಒಂದು ವರ್ಷ ಹೀಗೆ ಶಿಸ್ತಿನಿಂದ ಕಟ್ಟಿದ ಮೇಲೆ ಹಿಂತಿರುಗಿ ನೋಡಿದರೆ ಒಟ್ಟು ಸುಮಾರು ₹56,570 ಕಟ್ಟಿ ಆಗಿರುತ್ತದೆ. ಬಾಕಿ ಮಾತ್ರ ₹87,820. ಮೂಲ ಸಾಲದ ಅರ್ಧಕ್ಕಿಂತ ಹೆಚ್ಚು ಹಣ ಕೊಟ್ಟರೂ ಸಾಲ ಇಳಿದದ್ದು ₹12,180 ಅಷ್ಟೇ.

ಸಾಲ ಅರ್ಧಕ್ಕೆ ಇಳಿಯಲು 5 ವರ್ಷ 4 ತಿಂಗಳು ಬೇಕು. ಅಷ್ಟು ಹೊತ್ತಿಗೆ ಕಟ್ಟಿದ್ದು ಸುಮಾರು ₹2,32,000. ಇಲ್ಲಿಯವರೆಗೆ ಬಂದವರು ‘ಅರ್ಧ ಮುಗಿಯಿತಲ್ಲ, ಇನ್ನು ಅಷ್ಟೇ ಕಾಲ’ ಎಂದುಕೊಳ್ಳುವುದು ಸಹಜ. ಲೆಕ್ಕ ಹಾಗೆ ನಡೆಯುವುದಿಲ್ಲ. ಇನ್ನೊಂದು 5 ವರ್ಷ 4 ತಿಂಗಳಲ್ಲಿ ಉಳಿದ ಅರ್ಧದ ಅರ್ಧವಷ್ಟೇ ಕರಗುತ್ತದೆ. ಅದರ ಮುಂದಿನ ಅಷ್ಟೇ ಅವಧಿಯಲ್ಲಿ ಉಳಿದದ್ದರ ಅರ್ಧ. 10 ವರ್ಷ ಕಳೆದಾಗ ₹3,37,000ಕ್ಕಿಂತ ಹೆಚ್ಚು ಕಟ್ಟಿದ್ದರೂ ₹27,000 ಬಾಕಿ ಇನ್ನೂ ಬಿಲ್ಲಿನಲ್ಲಿರುತ್ತದೆ. 20 ವರ್ಷದ ಹೊತ್ತಿಗೂ ಏಳು ಸಾವಿರ ಚಿಲ್ಲರೆ ಉಳಿದಿರುತ್ತದೆ. ಬಿಲ್ ನಾಲ್ಕು ಸಾವಿರಕ್ಕೆ ಇಳಿದ ಮೇಲೆ, ಅಂದರೆ ಸುಮಾರು 25ನೇ ವರ್ಷದಲ್ಲಿ, ₹200ರ ಕೆಳಮಿತಿ ಜಾರಿಗೆ ಬರುತ್ತದೆ. ಆ ಮಿತಿಯಿಂದಾಗಿಯೇ ಸಾಲಕ್ಕೊಂದು ಕೊನೆ ಸಿಗುವುದು. ಎಲ್ಲ ಮುಗಿದಾಗ 28 ವರ್ಷ ಕಳೆದಿರುತ್ತದೆ. ಕಟ್ಟಿದ ಒಟ್ಟು ಹಣ ಸುಮಾರು ₹4,54,000. ಅದರಲ್ಲಿ ಬಡ್ಡಿ ಮತ್ತು ತೆರಿಗೆಯದ್ದೇ ₹3,54,000.

ಕಂತು ಕುಗ್ಗುವುದೇ ಮೂಲ

ಸಾಲ ಇಷ್ಟು ಉದ್ದವಾಗುವುದಕ್ಕೆ ಬಡ್ಡಿ ಹೆಚ್ಚಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕನಿಷ್ಠ ಪಾವತಿಯ ಲೆಕ್ಕದೊಳಗೇ ಇದೆ. ವಾಹನ ಸಾಲವೋ ಮನೆ ಸಾಲವೋ ಆಗಿದ್ದರೆ ತಿಂಗಳ ಕಂತು ಮೊದಲಿನಿಂದ ಕೊನೆಯವರೆಗೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಅಸಲು ಇಳಿದಂತೆ ಬಡ್ಡಿಯ ಪಾಲು ಕಡಿಮೆಯಾಗಿ, ಅದೇ ಕಂತಿನಲ್ಲಿ ಅಸಲಿನ ಪಾಲು ಏರುತ್ತಾ ಹೋಗುತ್ತದೆ. ಕೊನೆಕೊನೆಗೆ ಸಾಲ ಬೇಗ ಬೇಗ ಕರಗುವುದು ಹಾಗೆ.

ಕಾರ್ಡಿನ ಕನಿಷ್ಠ ಪಾವತಿ ಬಾಕಿಯ ಇಷ್ಟು ಪಾಲು ಎಂದು ನಿಗದಿಯಾಗಿರುವುದರಿಂದ ಬಾಕಿ ಇಳಿದಂತೆ ಅದೂ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ತಿಂಗಳು ₹5,000, ಎರಡನೆಯ ತಿಂಗಳು ₹4,946, ಒಂದು ವರ್ಷದ ಹೊತ್ತಿಗೆ ₹4,391, ಸಾಲ ಅರ್ಧಕ್ಕೆ ಬಂದಾಗ ₹2,500. ಬಡ್ಡಿಯ ಭಾರ ಕಡಿಮೆಯಾಗಿ ಉಳಿಯಬೇಕಾಗಿದ್ದ ಹಣ ಅಸಲಿಗೆ ಹೋಗುವ ಬದಲು ಕಂತೇ ಚಿಕ್ಕದಾಗಿ ನಮ್ಮ ಜೇಬಿಗೆ ವಾಪಸಾಗುತ್ತದೆ. ಪ್ರತಿ ತಿಂಗಳೂ ಸಾಲದ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಕರಗುತ್ತದೆ. ಆ ವೇಗ ಎಂದಿಗೂ ಏರುವುದಿಲ್ಲ.

ಹಾಗಾದರೆ ಕಂತು ಕುಗ್ಗಲು ಬಿಡದೇ ಇದ್ದರೆ? ಮೊದಲ ತಿಂಗಳು ಕಟ್ಟಿದ ಐದು ಸಾವಿರವನ್ನೇ, ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಎಷ್ಟೇ ಇಳಿದಿರಲಿ, ಪ್ರತಿ ತಿಂಗಳೂ ಕಟ್ಟಿದರೆ? ಎರಡನೆಯ ತಿಂಗಳು ಕನಿಷ್ಠಕ್ಕಿಂತ ಹೆಚ್ಚು ಕೊಡಬೇಕಾದ್ದು ₹54 ಮಾತ್ರ. ಆಮೇಲಿನ ತಿಂಗಳುಗಳಲ್ಲಿ ಆ ಅಂತರ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ಆದರೆ ಮೊದಲ ತಿಂಗಳು ಹೊಂದಿಸಿದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಹೊಂದಿಸಬೇಕಿಲ್ಲ. ಫಲ ಎಷ್ಟು ಬೇರೆಯಾಗುತ್ತದೆ ನೋಡಿ.

| ತಿಂಗಳಿಗೆ ಕಟ್ಟುವುದು | ಸಾಲ ತೀರಲು | ಬಡ್ಡಿ ಮತ್ತು ತೆರಿಗೆ, ಸುಮಾರು |
|---|---|---|
| ಬಿಲ್ಲಿನ ಶೇ 5 ಮಾತ್ರ | 28 ವರ್ಷ | ₹3,54,000 |
| ಪ್ರತಿ ತಿಂಗಳೂ ₹5,000 | 3 ವರ್ಷ 3 ತಿಂಗಳು | ₹94,700 |
| ಪ್ರತಿ ತಿಂಗಳೂ ₹7,500 | 1 ವರ್ಷ 7 ತಿಂಗಳು | ₹39,500 |
| ಪ್ರತಿ ತಿಂಗಳೂ ₹10,000 | 1 ವರ್ಷ 1 ತಿಂಗಳು | ₹24,800 |

ಮೊದಲ ಎರಡು ಸಾಲುಗಳನ್ನು ಮತ್ತೊಮ್ಮೆ ಓದಬೇಕು. ಇಬ್ಬರೂ ಆರಂಭಿಸಿದ್ದು ಅದೇ ಐದು ಸಾವಿರದಿಂದ. ಇಬ್ಬರ ಬಡ್ಡಿ ದರವೂ ಒಂದೇ. ಒಬ್ಬರು ಬಿಲ್ ಹೇಳಿದಷ್ಟು ಕಟ್ಟಿದರು, ಇನ್ನೊಬ್ಬರು ತಾವೇ ಒಂದು ಮೊತ್ತ ನಿಗದಿ ಮಾಡಿಕೊಂಡರು. ವ್ಯತ್ಯಾಸ 25 ವರ್ಷ, ಎರಡೂವರೆ ಲಕ್ಷ ರೂಪಾಯಿಗಿಂತ ಹೆಚ್ಚು.

ನಿಯಮ ಏನು ಹೇಳುತ್ತದೆ

ಕನಿಷ್ಠ ಪಾವತಿಯನ್ನು ಲೆಕ್ಕ ಹಾಕುವ ರೀತಿ ಎಲ್ಲ ಬ್ಯಾಂಕುಗಳಲ್ಲೂ ಒಂದೇ ಅಲ್ಲ. ಕೆಲವು ಕಡೆ ಬಾಕಿಯ ಶೇ 5. ಇನ್ನು ಕೆಲವು ಕಡೆ ಅಸಲಿನ ಒಂದು ಸಣ್ಣ ಪಾಲಿಗೆ ಆ ತಿಂಗಳ ಬಡ್ಡಿ, ಶುಲ್ಕ, ತೆರಿಗೆ ಪೂರ್ತಿಯಾಗಿ ಸೇರುತ್ತವೆ. ಕಂತುಗಳಾಗಿ ಪರಿವರ್ತಿಸಿಕೊಂಡ ಖರೀದಿ ಇದ್ದರೆ ಅದರ ತಿಂಗಳ ಕಂತು, ಹಿಂದಿನ ತಿಂಗಳು ಬಾಕಿ ಉಳಿಸಿದ ಕನಿಷ್ಠ ಮೊತ್ತ, ಮಿತಿ ಮೀರಿ ಖರ್ಚು ಮಾಡಿದ ಹಣ ಇವೂ ಅದರೊಳಗೆ ಬರುತ್ತವೆ. ನಿಮ್ಮ ಕಾರ್ಡಿನ ಲೆಕ್ಕ ಯಾವುದೆಂದು ಕಾರ್ಡಿನ ಜೊತೆ ಬರುವ ‘ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್ ಅಂಡ್ ಕಂಡಿಷನ್ಸ್’ ಎಂಬ ಷರತ್ತುಗಳ ಪಟ್ಟಿಯಲ್ಲಿ ಇರುತ್ತದೆ.

ಕನಿಷ್ಠ ಮೊತ್ತ ತೀರಾ ಕಡಿಮೆಯಿದ್ದರೆ ಇನ್ನೊಂದು ಅಪಾಯವಿದೆ. ನಮ್ಮದೇ ಉದಾಹರಣೆಯಲ್ಲಿ ಶೇ 5ರ ಬದಲು ಶೇ 3 ಮಾತ್ರ ಕಟ್ಟಿದರೆ ತಿಂಗಳ ಬಡ್ಡಿ ಮತ್ತು ತೆರಿಗೆಗೇ ಅದು ಸಾಲದು. ತಪ್ಪದೆ ಕಟ್ಟುತ್ತಾ ಹೋದರೂ ಒಂದು ವರ್ಷದಲ್ಲಿ ಒಂದು ಲಕ್ಷ ಸುಮಾರು ₹1,12,700 ಆಗಿರುತ್ತದೆ. ಕಟ್ಟಿದಂತೆಲ್ಲ ಸಾಲ ಬೆಳೆಯುವ ಈ ಸ್ಥಿತಿಯನ್ನು ತಡೆಯಲು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಡುಗಳ ನಿರ್ದೇಶನದಲ್ಲಿ ಕನಿಷ್ಠ ಪಾವತಿಯ ಷರತ್ತುಗಳು ಹಾಗಾಗದಂತೆ ಇರಬೇಕೆಂದು ಬ್ಯಾಂಕುಗಳಿಗೆ ಹೇಳಿದೆ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕುವಂತಿಲ್ಲ ಎಂಬುದೂ ಅದರಲ್ಲಿದೆ.

ಅದೇ ನಿರ್ದೇಶನದ ಪ್ರಕಾರ ಪ್ರತಿ ಬಿಲ್ಲಿನಲ್ಲೂ ಎದ್ದು ಕಾಣುವಂತೆ ಒಂದು ಎಚ್ಚರಿಕೆ ಇರಬೇಕು. ತಿಂಗಳು ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಮರುಪಾವತಿ ತಿಂಗಳುಗಳ, ವರ್ಷಗಳ ಕಾಲ ಎಳೆಯುತ್ತದೆ, ಬಡ್ಡಿಯೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬ ಅರ್ಥದ ಸಾಲು ಅದು. ಒಳ್ಳೆಯ ಹೆಜ್ಜೆಯೇ. ಆದರೆ ‘ವರ್ಷಗಳು’ ಎಂದರೆ ನನ್ನ ಬಾಕಿಗೆ ಎಷ್ಟು ವರ್ಷ ಎಂಬುದು ಆ ಸಾಲಿನಲ್ಲಿ ಇಲ್ಲ. ಅಮೆರಿಕದಲ್ಲಿ ಇರುವ ಕನ್ನಡಿಗರು ತಮ್ಮ ಕಾರ್ಡಿನ ಬಿಲ್ಲಿನಲ್ಲಿ ಒಂದು ಚೌಕಟ್ಟು ನೋಡಿರುತ್ತಾರೆ. ಕನಿಷ್ಠ ಮೊತ್ತವನ್ನೇ ಕಟ್ಟಿದರೆ ಈ ಸಾಲ ಇಷ್ಟು ವರ್ಷದಲ್ಲಿ ತೀರುತ್ತದೆ, ಒಟ್ಟು ಇಷ್ಟು ಕಟ್ಟಿರುತ್ತೀರಿ, ಮೂರು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಇಷ್ಟು ಕಟ್ಟಿ ಎಂದು ಅವರವರ ಬಾಕಿಗೆ ತಕ್ಕಂತೆ ಅಂಕಿಗಳಲ್ಲೇ ಬರೆದಿರುತ್ತದೆ. 2009ರ ಒಂದು ಕಾನೂನು ಅಲ್ಲಿ ಅದನ್ನು ಕಡ್ಡಾಯ ಮಾಡಿದೆ. ನಮ್ಮ ಬಿಲ್ಲುಗಳಲ್ಲೂ ಇಂಥ ಚೌಕಟ್ಟು ಬರಬೇಕು. ಬ್ಯಾಂಕಿನ ಕಂಪ್ಯೂಟರಿಗೆ ಅದು ಕ್ಷಣದ ಕೆಲಸ, ಬಿಲ್ ಓದುವವರಿಗೆ ಅದು ಇಡೀ ಚಿತ್ರ.

ಅಂಕಿಗಳು ಅಷ್ಟು ಮುಖ್ಯವೇ ಎಂದು ಕೇಳಬಹುದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನೀಲ್ ಸ್ಟೀವರ್ಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಒಂದು ಕಾಲ್ಪನಿಕ ಬಿಲ್ ತೋರಿಸಿ, ಎಷ್ಟು ಕಟ್ಟುತ್ತೀರಿ ಎಂದು ಕೇಳಿದ್ದರು. ಕೆಲವರ ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಬರೆದಿತ್ತು, ಕೆಲವರದ್ದರಲ್ಲಿ ಇರಲಿಲ್ಲ. ಪೂರ್ತಿ ಕಟ್ಟದೆ ಒಂದು ಭಾಗವನ್ನಷ್ಟೇ ಕಟ್ಟುತ್ತೇವೆ ಎಂದವರಲ್ಲಿ, ಕನಿಷ್ಠ ಮೊತ್ತ ಕಂಡವರು ಕಾಣದವರಿಗಿಂತ ಸಾಕಷ್ಟು ಕಡಿಮೆ ಕಟ್ಟುವುದಾಗಿ ಹೇಳಿದರು. ಅಷ್ಟಾದರೂ ಕಟ್ಟಲಿ ಎಂದು ಇಟ್ಟ ಮೊತ್ತ, ಅಷ್ಟು ಕಟ್ಟಿದರೆ ಸಾಕು ಎಂಬ ಸಲಹೆಯಾಗಿ ಓದುಗರ ಮನಸ್ಸಿಗೆ ಇಳಿಯುತ್ತದೆ.

ತಪ್ಪುವುದು ಎಲ್ಲಿ

ಕನಿಷ್ಠ ಪಾವತಿಗೂ ಒಂದು ಜಾಗವಿದೆ. ಸಂಬಳ ತಡವಾದ, ಮನೆಯಲ್ಲಿ ಕಾಯಿಲೆಯಾದ ತಿಂಗಳಲ್ಲಿ ಏನೂ ಕಟ್ಟದೆ ಇರುವುದಕ್ಕಿಂತ ಅದನ್ನು ಕಟ್ಟುವುದು ಸಾವಿರ ಪಾಲು ಮೇಲು. ಅದನ್ನೂ ಕಟ್ಟದೆ ಕೊನೆಯ ದಿನಾಂಕದಿಂದ ಮೂರು ದಿನ ದಾಟಿದರೆ ಬ್ಯಾಂಕು ಸಿಬಿಲ್‌ನಂಥ ಸಂಸ್ಥೆಗೆ ‘ಬಾಕಿದಾರ’ ಎಂದು ವರದಿ ಮಾಡಬಹುದು, ತಡಪಾವತಿ ಶುಲ್ಕವೂ ಬೀಳುತ್ತದೆ. 90 ದಿನ ಕಳೆದರೂ ಕನಿಷ್ಠ ಮೊತ್ತ ಪೂರ್ತಿ ಬರದಿದ್ದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಒಂದು ತಿಂಗಳ ಇಕ್ಕಟ್ಟಿಗೆ ಇದು ಆಸರೆಯೇ. ಅದೇ ಅಭ್ಯಾಸವಾದಾಗ ಮಾತ್ರ ಅಪಾಯ.

ಅಭ್ಯಾಸವಾಗಿದೆ ಎಂದು ತಿಳಿಯುವುದು ಹೇಗೆ? ಬಿಲ್ಲಿನಲ್ಲಿ ಬಡ್ಡಿಯ ಸಾಲು ಎರಡನೆಯ ತಿಂಗಳೂ ಕಂಡರೆ ಅದು ಮೊದಲ ಗುರುತು. ಆರು ತಿಂಗಳ ಹಿಂದಿನ ಬಿಲ್ ತೆಗೆದು ಒಟ್ಟು ಬಾಕಿಯನ್ನು ಈಗಿನದರ ಜೊತೆ ಹೋಲಿಸುವುದು ಇನ್ನೂ ಖಚಿತವಾದ ಪರೀಕ್ಷೆ. ಕಟ್ಟುತ್ತಲೇ ಇದ್ದರೂ ಬಾಕಿ ಅಲ್ಲೇ ಇದ್ದರೆ, ಕಟ್ಟಿದ್ದೆಲ್ಲ ಬಡ್ಡಿಗೆ ಹೋಗುತ್ತಿದೆ ಅಥವಾ ಹೊಸ ಖರ್ಚು ಅದನ್ನು ತುಂಬುತ್ತಿದೆ. ಒಂದು ಲಕ್ಷ ಬಾಕಿಯಿದ್ದು ಶೇ 5 ಕಟ್ಟುವವರ ಸಾಲ ಮೊದಲ ತಿಂಗಳು ಇಳಿಯುವುದೇ ಸಾವಿರ ಚಿಲ್ಲರೆ. ಆ ತಿಂಗಳು ಸಾವಿರ ರೂಪಾಯಿ ಪೆಟ್ರೋಲನ್ನು ಅದೇ ಕಾರ್ಡಿನಲ್ಲಿ ಹಾಕಿಸಿದರೆ ಇಳಿಕೆಯೆಲ್ಲ ಬಹುತೇಕ ಅಲ್ಲಿಗೇ ಮುಗಿಯಿತು.

ಇನ್ನೊಂದು ತಪ್ಪು ಗೊತ್ತೇ ಆಗದಂತೆ ನಡೆಯುತ್ತದೆ. ಬಿಲ್ ಮರೆಯದಿರಲೆಂದು ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಆಟೋ ಡೆಬಿಟ್ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ಅದರಲ್ಲಿ ಒಟ್ಟು ಬಾಕಿಯೋ ಕನಿಷ್ಠ ಮೊತ್ತವೋ ಎಂಬ ಆಯ್ಕೆ ಇರುತ್ತದೆ. ಕನಿಷ್ಠ ಮೊತ್ತ ಆಯ್ಕೆಯಾಗಿದ್ದರೆ ಪ್ರತಿ ತಿಂಗಳೂ ‘ಹಣ ಪಾವತಿಯಾಗಿದೆ’ ಎಂಬ ಸಂದೇಶ ಬರುತ್ತದೆ, ಒಳಗೆ ಬಡ್ಡಿ ಬೆಳೆಯುತ್ತಿರುತ್ತದೆ. ಈ ಲೇಖನ ಓದಿದ ಮೇಲೆ ಒಂದೇ ಕೆಲಸ ಮಾಡುವುದಾದರೆ ಆ ಆಯ್ಕೆ ಯಾವುದಿದೆ ಎಂದು ತೆರೆದು ನೋಡಿ.

ಹೊರಬರುವ ದಾರಿ

ಈಗಾಗಲೇ ಬಾಕಿ ಹೊತ್ತವರು ಮೊದಲು ಮಾಡಬೇಕಾದ್ದು ಆ ಕಾರ್ಡಿನ ಬಳಕೆ ನಿಲ್ಲಿಸುವುದು. ಹಳೆಯ ಬಾಕಿ ಇರುವವರೆಗೆ ಅದರಲ್ಲಿ ಬಡ್ಡಿರಹಿತ ದಿನಗಳೇ ಇಲ್ಲವಾದ್ದರಿಂದ ದಿನಸಿಯನ್ನು ನಗದು ಕೊಟ್ಟೋ ಯುಪಿಐ ಮೂಲಕವೋ ಕೊಂಡರೆ ಅಷ್ಟು ಬಡ್ಡಿ ಉಳಿಯುತ್ತದೆ. ಪಾಯಿಂಟುಗಳ ಆಸೆಗೆ ಉಜ್ಜುವುದು ಬೇಡ. ನೂರಕ್ಕೆ ಒಂದೆರಡು ರೂಪಾಯಿಯ ಪಾಯಿಂಟು ಬಂದು, ತಿಂಗಳಿಗೆ ನಾಲ್ಕು ರೂಪಾಯಿ ಬಡ್ಡಿ ಹೋಗುತ್ತದೆ.

ಎರಡನೆಯದು, ಈ ತಿಂಗಳ ಕನಿಷ್ಠ ಮೊತ್ತವನ್ನು, ಸಾಧ್ಯವಾದರೆ ಅದಕ್ಕಿಂತ ಹೆಚ್ಚನ್ನು, ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಕಂತು. ಮುಂದಿನ ಬಿಲ್ಲುಗಳಲ್ಲಿ ಕನಿಷ್ಠ ಮೊತ್ತ ಇಳಿದರೂ ನಿಮ್ಮ ಕಂತು ಇಳಿಯಬಾರದು. ಮೇಲಿನ ಕೋಷ್ಟಕದ ಎರಡನೆಯ ಸಾಲು ಹೇಳುವುದು ಇದನ್ನೇ. ಸಂಬಳ ಬಂದ ದಿನವೇ ಕಟ್ಟಿದರೆ ಕೊನೆಯ ದಿನದವರೆಗಿನ ಬಡ್ಡಿಯೂ ಉಳಿಯುತ್ತದೆ. ಕಾರ್ಡಿನ ಬಡ್ಡಿ ಓಡುವುದು ದಿನದ ಲೆಕ್ಕದಲ್ಲಿ.

ಮೂರನೆಯದು, ಬಾಕಿ ದೊಡ್ಡದಿದ್ದರೆ ಅಗ್ಗದ ಸಾಲಕ್ಕೆ ಬದಲಾಯಿಸಿಕೊಳ್ಳುವುದು. ಶೇ 16ರ ದರದಲ್ಲಿ ಒಂದು ಲಕ್ಷದ ವೈಯಕ್ತಿಕ ಸಾಲ ಸಿಕ್ಕಿ ಅದನ್ನು ಎರಡು ವರ್ಷಕ್ಕೆ ಮಾಡಿಕೊಂಡರೆ ಕಂತು ಸುಮಾರು ₹4,900, ಒಟ್ಟು ಬಡ್ಡಿ ₹17,500ರ ಆಸುಪಾಸು. ಅಂದರೆ ಕಾರ್ಡಿನ ಮೊದಲ ತಿಂಗಳ ಕನಿಷ್ಠ ಮೊತ್ತಕ್ಕಿಂತಲೂ ಕಡಿಮೆ ಕಂತಿನಲ್ಲಿ ಎರಡೇ ವರ್ಷಕ್ಕೆ ಸಾಲ ಮುಗಿಯುತ್ತದೆ. ಸಾಲ ಕೊಡುವಾಗ ಹಿಡಿಯುವ ಸಂಸ್ಕರಣಾ ಶುಲ್ಕವನ್ನು ಸೇರಿಸಿದರೂ ಲಾಭ ಉಳಿಯುತ್ತದೆ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನ ಚಿನ್ನದ ಸಾಲ ಸಾಮಾನ್ಯವಾಗಿ ಇನ್ನೂ ಅಗ್ಗ. ಆದರೆ ಅದನ್ನು ತೀರಿಸುವ ಖಚಿತ ಆದಾಯ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು, ಇಲ್ಲವಾದರೆ ಒಡವೆಯೂ ಹೋಗುತ್ತದೆ. ಕಾರ್ಡಿನ ಬಾಕಿಯನ್ನೇ ಕಂತುಗಳಾಗಿ ಪರಿವರ್ತಿಸುವ ಅವಕಾಶವನ್ನೂ ಬ್ಯಾಂಕುಗಳು ಕೊಡುತ್ತವೆ. ಅದರ ದರ ಮೂರೂವರೆ ರೂಪಾಯಿಗಿಂತ ಕಡಿಮೆ ಇರುತ್ತದೆ, ಆದರೆ ಅಲ್ಲಿಯೂ ಬಡ್ಡಿಯ ಮೇಲೆ ಜಿಎಸ್‌ಟಿ ಇದೆ.

ಈ ಮೂರನೆಯ ದಾರಿಯಲ್ಲಿ ಎಡವುವ ಜಾಗ ಒಂದೇ. ಹೊಸ ಸಾಲದಿಂದ ಕಾರ್ಡು ಖಾಲಿಯಾದ ಕೂಡಲೇ ಅದರ ಪೂರ್ತಿ ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ಆಗ ಮತ್ತೆ ಉಜ್ಜಿದರೆ ಒಂದು ಸಾಲವಿದ್ದಲ್ಲಿ ಎರಡಾಗುತ್ತವೆ. ಹಾಗಾಗದಂತೆ ಕಾರ್ಡಿನ ಮಿತಿಯನ್ನು ಇಳಿಸಲು ಬ್ಯಾಂಕಿಗೆ ಹೇಳಬಹುದು, ಅಥವಾ ಮುಚ್ಚಿಸಿಯೇ ಬಿಡಬಹುದು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚುವಂತೆ ಕೇಳಿದರೆ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ ₹500ರಂತೆ ಗ್ರಾಹಕರಿಗೆ ದಂಡ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನದಲ್ಲಿದೆ.

ಪೂರ್ತಿ ಕಟ್ಟಿ ಮುಗಿಸಿದ ತಿಂಗಳಾದ ಮೇಲೂ ಒಂದು ಬಿಲ್ ಬರುತ್ತದೆ ಎಂಬುದು ನೆನಪಿರಲಿ. ಹಿಂದಿನ ಬಿಲ್ಲಿನ ದಿನಕ್ಕೂ ನೀವು ಹಣ ಕಟ್ಟಿದ ದಿನಕ್ಕೂ ನಡುವಿನ ಬಡ್ಡಿ ಅದರಲ್ಲಿರುತ್ತದೆ. ಕೆಲವು ನೂರು ರೂಪಾಯಿ ಇರಬಹುದು. ಎಲ್ಲ ತೀರಿಸಿದ್ದೇನಲ್ಲ ಎಂದು ಅದನ್ನು ಬಿಟ್ಟರೆ ತಡಪಾವತಿ ಶುಲ್ಕ ಬಿದ್ದು ಬಾಕಿ ಮತ್ತೆ ಶುರುವಾಗುತ್ತದೆ. ಅದನ್ನೂ ಪೂರ್ತಿ ಕಟ್ಟಿ, ಅದರ ಮುಂದಿನ ಬಿಲ್ಲಿನಲ್ಲಿ ಬಡ್ಡಿಯ ಸಾಲು ಸೊನ್ನೆ ಇದೆಯೇ ಎಂದು ನೋಡಿಕೊಳ್ಳಬೇಕು. ಸೊನ್ನೆ ಬಂದಿದ್ದರೆ ಬಡ್ಡಿರಹಿತ ದಿನಗಳು ನಿಮಗೆ ಮರಳಿ ಸಿಕ್ಕಿವೆ, ಸಾಲ ನಿಜವಾಗಿ ತೀರಿದೆ.